ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಾ? ಸಿಲಾಜಿಸಂ ಮತ್ತು ಅವ್ಯಾಪ್ತ ಮಧ್ಯಪದ

'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಅನ್ನುವ ಗಾದೆ ನಮಗೆಲ್ಲ ಗೊತ್ತು. ಕದ್ದ ಕಾಯನ್ನು ಹೆಗಲ ಮೇಲೆ ಹೊತ್ತು ತಂದವನಿಗೆ ಅದರ ಬೂದಿ ಹತ್ತಿರುತ್ತದೆ. ಯಾರೋ 'ಕಳ್ಳ' ಅಂದ ತಕ್ಷಣ ಅವನ ಕೈ ತಾನಾಗಿಯೇ ಹೆಗಲಿಗೆ ಹೋಗುತ್ತದೆ.

ಗಾದೆ ಮಾತಾಡುವುದು ಕಳ್ಳನ ಬಗ್ಗೆ. ಕಳ್ಳನಾದರೆ ಹೆಗಲು ಮುಟ್ಟಿಕೊಳ್ಳುತ್ತಾನೆ, ಅಷ್ಟೇ. ಆದರೆ ನಾವು ಅದನ್ನು ಬಳಸುವಾಗ ದಿಕ್ಕು ತಿರುಗಿಬಿಡುತ್ತದೆ. ಯಾರೋ ಹೆಗಲು ಮುಟ್ಟಿಕೊಂಡರು, ಹಾಗಾದರೆ ಅವರೇ ಕಳ್ಳರು ಅನ್ನುತ್ತೇವೆ. ಆ ವಾದವನ್ನು ಬಿಡಿಸಿ ಬರೆದರೆ ಹೀಗಿರುತ್ತದೆ:

ಎಲ್ಲ ಕಳ್ಳರೂ ಹೆಗಲು ಮುಟ್ಟಿಕೊಳ್ಳುವವರು.
ಈ ಮನುಷ್ಯ ಹೆಗಲು ಮುಟ್ಟಿಕೊಳ್ಳುವವನು.
ಆದ್ದರಿಂದ ಈ ಮನುಷ್ಯ ಕಳ್ಳ.

ಮೊದಲ ಎರಡು ವಾಕ್ಯ ನಿಜವೆಂದೇ ಇಟ್ಟುಕೊಳ್ಳೋಣ. ಆದರೂ ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಭುಜ ನೋಯುತ್ತಿದ್ದವನೂ ಹೆಗಲು ಮುಟ್ಟಿಕೊಂಡಿರಬಹುದು, ಅಲ್ವಾ? ತರ್ಕಶಾಸ್ತ್ರದಲ್ಲಿ ಈ ತಪ್ಪಿಗೆ 'ಅವ್ಯಾಪ್ತ ಮಧ್ಯಪದ' ಎಂದು ಹೆಸರು. ಹೆಸರು ಕೇಳಿದರೆ ಭಯವಾಗುತ್ತದೆ. ಆದರೆ ಅದರ ಹಿಂದಿರುವ ವಿಚಾರ ತುಂಬಾ ಸರಳ, ಮತ್ತು ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವಂಥದ್ದಲ್ಲ.

ಮೂರು ಗುಂಪು, ಎರಡು ವಾಕ್ಯ

ಎರಡು ಹೇಳಿಕೆಗಳಿಂದ ಮೂರನೆಯದನ್ನು ಹೊರಡಿಸುವ ಇಂಥ ವಾದಕ್ಕೆ ಸಿಲಾಜಿಸಂ ಎನ್ನುತ್ತಾರೆ. ಮೊದಲ ಎರಡು ಆಧಾರವಾಕ್ಯಗಳು, ಕೊನೆಯದು ತೀರ್ಮಾನ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್ ಇವನ್ನು ಮೊದಲ ಬಾರಿಗೆ ಕ್ರಮವಾಗಿ ಜೋಡಿಸಿ, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಒಂದೊಂದಾಗಿ ನೋಡಿದ.

ಇಂಥ ವಾದದಲ್ಲಿ ಮೂರೇ ಗುಂಪುಗಳಿರುತ್ತವೆ. ತೀರ್ಮಾನದಲ್ಲಿ ಎರಡು ಕಾಣಿಸುತ್ತವೆ. ಮೂರನೆಯದು ಎರಡು ಆಧಾರವಾಕ್ಯಗಳಲ್ಲೂ ಇದ್ದು, ತೀರ್ಮಾನದ ಹೊತ್ತಿಗೆ ಮಾಯವಾಗುತ್ತದೆ. ಅದೇ ಮಧ್ಯಪದ. ಮದುವೆ ಮಾತುಕತೆಯ ಮಧ್ಯಸ್ಥರ ಹಾಗೆ ಅದರ ಕೆಲಸ. ಎರಡೂ ಕಡೆಯವರಿಗೆ ಗೊತ್ತಿರಬೇಕು, ಅವರನ್ನು ಒಂದು ಕಡೆ ಸೇರಿಸಬೇಕು. ಮೇಲಿನ ವಾದದಲ್ಲಿ 'ಹೆಗಲು ಮುಟ್ಟಿಕೊಳ್ಳುವವರು' ಮಧ್ಯಪದ. (ಒಬ್ಬನೇ ಮನುಷ್ಯ ಗುಂಪು ಹೇಗಾಗುತ್ತಾನೆ ಎಂದು ಕೇಳಬಹುದು. ಒಬ್ಬನೇ ಇರುವ ಗುಂಪು ಎಂದು ತಿಳಿದರೆ ಸಾಕು, ಲೆಕ್ಕ ಏನೂ ಕೆಡುವುದಿಲ್ಲ.)

ಆ ಗುಂಪುಗಳ ಬಗ್ಗೆ ಹೇಳಲು ನಾಲ್ಕೇ ಬಗೆಯ ವಾಕ್ಯಗಳು. ಎಲ್ಲ ಹಾಡುಗಾರರೂ ಈಜುಗಾರರು. ಯಾವ ಹಾಡುಗಾರರೂ ಈಜುಗಾರರಲ್ಲ. ಕೆಲವು ಹಾಡುಗಾರರು ಈಜುಗಾರರು. ಕೆಲವು ಹಾಡುಗಾರರು ಈಜುಗಾರರಲ್ಲ. ಇಲ್ಲಿ 'ಕೆಲವು' ಎಂದರೆ ಕನಿಷ್ಠ ಒಬ್ಬರು. ಜಾಸ್ತಿ ಇರಬಹುದು, ಎಲ್ಲರೂ ಇರಬಹುದು.

ತೀರ್ಮಾನ ನಿಜವಾದಾಗಲೇ ಕಷ್ಟ

ಈಗ ಬೇರೊಂದು ವಾದ ನೋಡಿ:

ಎಲ್ಲ ಡಾಕ್ಟರುಗಳೂ ಅಂಗರಚನೆ ಓದಿದವರು.
ಎಲ್ಲ ಸರ್ಜನ್‌ಗಳೂ ಅಂಗರಚನೆ ಓದಿದವರು.
ಆದ್ದರಿಂದ ಎಲ್ಲ ಸರ್ಜನ್‌ಗಳೂ ಡಾಕ್ಟರುಗಳು.

ಅಂಗರಚನೆ ಎಂದರೆ ದೇಹದ ಭಾಗಗಳು ಎಲ್ಲೆಲ್ಲಿವೆ, ಹೇಗಿವೆ ಎನ್ನುವ ಪಾಠ. ಮೂರು ವಾಕ್ಯವೂ ನಿಜ. ಓದುವಾಗ ಎಲ್ಲೂ ತಡೆಯುವುದಿಲ್ಲ. ತಲೆ ತನ್ನಷ್ಟಕ್ಕೆ ಆಡಿಬಿಡುತ್ತದೆ. ಆದರೆ ಈ ವಾದ ಕಳ್ಳನ ವಾದದಷ್ಟೇ ತಪ್ಪು.

ಅದನ್ನು ತೋರಿಸಲು ಒಂದೇ ಒಂದು ಪದ ಬದಲಿಸಿದರೆ ಸಾಕು. 'ಸರ್ಜನ್' ಇದ್ದ ಕಡೆ 'ನರ್ಸ್' ಎಂದು ಹಾಕಿ. ಎಲ್ಲ ಡಾಕ್ಟರುಗಳೂ ಅಂಗರಚನೆ ಓದಿದವರು. ಎಲ್ಲ ನರ್ಸ್‌ಗಳೂ ಅಂಗರಚನೆ ಓದಿದವರು. ಆದ್ದರಿಂದ ಎಲ್ಲ ನರ್ಸ್‌ಗಳೂ ಡಾಕ್ಟರುಗಳು. ಆಧಾರವಾಕ್ಯ ಎರಡೂ ನಿಜವಾಗಿಯೇ ಉಳಿದವು, ತೀರ್ಮಾನ ಸುಳ್ಳಾಯಿತು. ವಾದದ ಆಕಾರ ಸರಿಯಿದ್ದಿದ್ದರೆ ಹೀಗೆ ಆಗಲು ಸಾಧ್ಯವೇ ಇರಲಿಲ್ಲ. ನಿಜವಾದ ಆಧಾರಗಳನ್ನು ಕೊಟ್ಟರೆ ಅದು ಯಾವಾಗಲೂ ನಿಜವನ್ನೇ ಕೊಡಬೇಕಿತ್ತು. ಸರ್ಜನ್‌ಗಳೆಲ್ಲ ಡಾಕ್ಟರುಗಳು ಅನ್ನುವುದು ನಮಗೆ ಮೊದಲೇ ಗೊತ್ತಿತ್ತು. ಆ ಎರಡು ವಾಕ್ಯಗಳು ಅದನ್ನು ನಮಗೆ ಹೇಳಿಕೊಡಲಿಲ್ಲ.

ಆಕಾರವನ್ನು ಹಾಗೇ ಇಟ್ಟು ಗುಂಪುಗಳನ್ನು ಬದಲಿಸಿ ನೋಡುವ ಈ ಉಪಾಯ ಅರಿಸ್ಟಾಟಲ್‌ನದೇ. ಒಂದು ಆಕಾರ ನಿಲ್ಲುವುದಿಲ್ಲ ಎಂದು ತೋರಿಸಲು ಅವನು ನಿಜವಾದ ಆಧಾರಗಳಿರುವ ಮೂರು ಪದಗಳನ್ನು ಒಮ್ಮೆ, ಬೇರೆ ಮೂರು ಪದಗಳನ್ನು ಇನ್ನೊಮ್ಮೆ ಹಾಕುತ್ತಿದ್ದ. ಒಂದು ಸಲ ಎರಡು ಗುಂಪು ಒಂದರೊಳಗೊಂದು ಕೂರುತ್ತಿತ್ತು, ಇನ್ನೊಂದು ಸಲ ಪೂರ್ತಿ ದೂರ ನಿಲ್ಲುತ್ತಿತ್ತು. ಎರಡೂ ಸಾಧ್ಯವೆಂದ ಮೇಲೆ ಆಧಾರಗಳು ಏನನ್ನೂ ತೀರ್ಮಾನಿಸಿಲ್ಲ ಎಂದೇ ಅರ್ಥ.

ನಂಬಿಕೆಗೆ ಹೊಂದುವ ತೀರ್ಮಾನ ಬಂದಾಗ ನಾವು ವಾದವನ್ನು ಸರಿಯಾಗಿ ನೋಡುವುದೇ ಇಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೊನಾಥನ್ ಇವಾನ್ಸ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ತರ್ಕ ತಪ್ಪಿದ್ದರೂ ತೀರ್ಮಾನ ನಂಬುವಂತಿದ್ದರೆ 100ಕ್ಕೆ ಸುಮಾರು 70 ಸಲ ಜನ ಅದನ್ನು ಒಪ್ಪಿಕೊಂಡರು. ತರ್ಕ ಅಷ್ಟೇ ತಪ್ಪಿದ್ದು ತೀರ್ಮಾನ ನಂಬಲಾಗದಂತಿದ್ದರೆ ಒಪ್ಪಿದ್ದು ಸುಮಾರು 10 ಸಲ ಮಾತ್ರ. ನರ್ಸ್ ಉದಾಹರಣೆಯಲ್ಲಿ ತಪ್ಪು ಕಣ್ಣಿಗೆ ಹೊಡೆಯುವುದು, ಸರ್ಜನ್ ಉದಾಹರಣೆಯಲ್ಲಿ ಜಾರಿಹೋಗುವುದು ಇದೇ ಕಾರಣಕ್ಕೆ.

'ವ್ಯಾಪ್ತ' ಎಂದರೇನು

ಆ ಆಕಾರದಲ್ಲಿ ಕೆಟ್ಟಿರುವುದು ಏನು ಎಂದು ಈಗ ನೋಡೋಣ. ಒಂದು ವಾಕ್ಯ ಒಂದು ಗುಂಪಿನ ಪ್ರತಿಯೊಬ್ಬರ ಬಗ್ಗೆಯೂ ಏನಾದರೂ ಹೇಳಿದರೆ, ಆ ಗುಂಪಿನ ಹೆಸರು ಆ ವಾಕ್ಯದಲ್ಲಿ ವ್ಯಾಪ್ತ. ಪೂರ್ತಿ ಗುಂಪನ್ನು ಹಿಡಿದುಕೊಂಡಿದೆ ಎಂದರ್ಥ. ಹಾಗೆ ಹೇಳದಿದ್ದರೆ ಅವ್ಯಾಪ್ತ.

ಇದನ್ನು ಪರೀಕ್ಷಿಸಲು ಒಂದು ಸುಲಭದ ದಾರಿಯಿದೆ. ಪುಸ್ತಕಗಳ ವ್ಯಾಖ್ಯೆಗಿಂತ ಇದೇ ನನಗೆ ಇಷ್ಟ. ಗುಂಪನ್ನು ಸ್ವಲ್ಪ ಕಿರಿದು ಮಾಡಿ ನೋಡಿ. ವಾಕ್ಯ ಖಂಡಿತ ನಿಜವಾಗಿಯೇ ಉಳಿಯುತ್ತದೆ ಎಂದಾದರೆ ಆ ಪದ ವ್ಯಾಪ್ತ.

'ಎಲ್ಲ ನರ್ಸ್‌ಗಳೂ ಅಂಗರಚನೆ ಓದಿದವರು' ಎಂಬುದನ್ನೇ ತೆಗೆದುಕೊಳ್ಳಿ. 'ನರ್ಸ್‌ಗಳು' ಎಂಬುದನ್ನು 'ರಾತ್ರಿ ಪಾಳಿಯ ನರ್ಸ್‌ಗಳು' ಎಂದು ಕಿರಿದು ಮಾಡಿದರೆ? ಎಲ್ಲರೂ ಓದಿದ್ದರೆ ರಾತ್ರಿ ಪಾಳಿಯವರೂ ಓದಿರುತ್ತಾರೆ. ವಾಕ್ಯ ನಿಂತಿತು. ಹಾಗಾಗಿ 'ನರ್ಸ್‌ಗಳು' ವ್ಯಾಪ್ತ. ಈಗ ಇನ್ನೊಂದು ತುದಿ. 'ಅಂಗರಚನೆ ಓದಿದವರು' ಎಂಬುದನ್ನು 'ಅಂಗರಚನೆ ಓದಿದ ಎಡಗೈಯವರು' ಎಂದು ಮಾಡಿ. ಎಲ್ಲ ನರ್ಸ್‌ಗಳೂ ಎಡಗೈಯವರಾ? ವಾಕ್ಯ ಬಿತ್ತು. ಇಲ್ಲಿ ಆ ಪದ ಅವ್ಯಾಪ್ತ. ನರ್ಸ್‌ಗಳು ಆ ದೊಡ್ಡ ಗುಂಪಿನಲ್ಲಿ ಎಲ್ಲೋ ಇದ್ದಾರೆ ಎಂದಷ್ಟೇ ಗೊತ್ತಾಯಿತು. ಗುಂಪಿನ ಉಳಿದವರು ಯಾರು ಎಂಬ ಬಗ್ಗೆ ವಾಕ್ಯ ಬಾಯಿ ಬಿಟ್ಟಿಲ್ಲ.

'ಯಾವ ಹಾಡುಗಾರರೂ ಈಜುಗಾರರಲ್ಲ' ಎಂಬಲ್ಲಿ ಎರಡು ತುದಿಯನ್ನೂ ಕಿರಿದು ಮಾಡಬಹುದು. ಯಾವ ಎತ್ತರದ ಹಾಡುಗಾರರೂ ಈಜುಗಾರರಲ್ಲ, ಯಾವ ಹಾಡುಗಾರರೂ ಎತ್ತರದ ಈಜುಗಾರರಲ್ಲ. ಎರಡೂ ನಿಲ್ಲುತ್ತವೆ. 'ಕೆಲವು ಹಾಡುಗಾರರು ಈಜುಗಾರರು' ಎಂಬಲ್ಲಿ ಯಾವ ತುದಿಯೂ ಕಿರಿದಾಗಲು ಒಪ್ಪುವುದಿಲ್ಲ. 'ಕೆಲವು ಹಾಡುಗಾರರು ಈಜುಗಾರರಲ್ಲ' ಎಂಬಲ್ಲಿ ಎರಡನೆಯ ತುದಿ ಮಾತ್ರ ಒಪ್ಪುತ್ತದೆ. ಈಜೇ ಬಾರದವರು ಎತ್ತರದ ಈಜುಗಾರರಂತೂ ಆಗಿರಲಾರರು.

ನಿಯಮ ಇಷ್ಟು: ಮಧ್ಯಪದ ಎರಡು ಆಧಾರವಾಕ್ಯಗಳಲ್ಲಿ ಕನಿಷ್ಠ ಒಂದರಲ್ಲಾದರೂ ವ್ಯಾಪ್ತವಾಗಿರಬೇಕು. ಡಾಕ್ಟರುಗಳ ವಾದದಲ್ಲಿ 'ಅಂಗರಚನೆ ಓದಿದವರು' ಎರಡೂ ಕಡೆ 'ಎಲ್ಲ' ವಾಕ್ಯದ ಕೊನೆಯ ತುದಿಯಲ್ಲಿದೆ. ಎರಡೂ ಕಡೆ ಅವ್ಯಾಪ್ತ. ಮೊದಲ ವಾಕ್ಯ ಆ ಗುಂಪಿನ ಒಂದು ಭಾಗವನ್ನು ಮುಟ್ಟಿತು, ಎರಡನೆಯದು ಒಂದು ಭಾಗವನ್ನು ಮುಟ್ಟಿತು. ಎರಡೂ ಒಂದೇ ಭಾಗವಾ? ಯಾರೂ ಹೇಳಿಲ್ಲ. ಮಧ್ಯಸ್ಥರು ಎರಡೂ ಮನೆಗೆ ಹೋಗಿ ಬಂದರು, ಆದರೆ ಎರಡೂ ಮನೆಯವರು ಎದುರುಬದುರು ಕೂರಲೇ ಇಲ್ಲ.

ಕೋಣೆಯಲ್ಲಿ 30 ಜನ

ಇದನ್ನು ಎಣಿಸಿಯೇ ನೋಡಬಹುದು. ಒಂದು ಕೋಣೆಯಲ್ಲಿ 30 ಜನ ಇದ್ದಾರೆ. ಅವರಲ್ಲಿ 20 ಜನರಿಗೆ ಈಜು ಬರುತ್ತದೆ. ಹಾಡುಗಾರರು 6 ಜನ, ಅಷ್ಟೂ ಜನರಿಗೆ ಈಜು ಬರುತ್ತದೆ. ಚಿತ್ರಕಾರರು 5 ಜನ, ಅವರೆಲ್ಲರಿಗೂ ಈಜು ಬರುತ್ತದೆ. ಎಲ್ಲ ಹಾಡುಗಾರರೂ ಈಜುಗಾರರು, ಎಲ್ಲ ಚಿತ್ರಕಾರರೂ ಈಜುಗಾರರು. ಅದೇ ಆಕಾರ. ಹಾಡೂ ಬರುವ, ಚಿತ್ರವೂ ಬರುವ ಜನ ಎಷ್ಟು?

ಒಬ್ಬರೂ ಇಲ್ಲದಿರಬಹುದು. 20 ಈಜುಗಾರರಲ್ಲಿ 6 ಜನ ಹಾಡುಗಾರರನ್ನು ಒಂದು ಕಡೆ, 5 ಜನ ಚಿತ್ರಕಾರರನ್ನು ಇನ್ನೊಂದು ಕಡೆ ನಿಲ್ಲಿಸಿದರೆ ಇನ್ನೂ 9 ಜನ ಉಳಿಯುತ್ತಾರೆ. ಸಾಕಷ್ಟು ಜಾಗವಿದೆ. ಅಥವಾ ಒಬ್ಬರು, ಇಬ್ಬರು, ಮೂವರು, ನಾಲ್ವರು ಇರಬಹುದು. ಐವರು ಚಿತ್ರಕಾರರೂ ಹಾಡುಗಾರರೇ ಆಗಿರಬಹುದು. ಈ ಆರು ಸಾಧ್ಯತೆಗಳಲ್ಲೂ ಎರಡು ಆಧಾರವಾಕ್ಯಗಳು ಸುಳ್ಳಾಗುವುದಿಲ್ಲ. ಹಾಗಿರುವಾಗ 'ಎಲ್ಲ ಚಿತ್ರಕಾರರೂ ಹಾಡುಗಾರರು' ಎಂದು ಹೇಳುವುದೆಂದರೆ ಆರರಲ್ಲಿ ಒಂದನ್ನು ಸುಮ್ನೆ ಆರಿಸಿಕೊಂಡ ಹಾಗೆ.

ಕಾಗದದ ಮೇಲೆ ಮಾಡುವುದಾದರೆ ಈಜುಗಾರರಿಗೆ ಒಂದು ದೊಡ್ಡ ವೃತ್ತ ಬರೆಯಿರಿ, ಒಳಗೆ ಎರಡು ಚಿಕ್ಕ ವೃತ್ತ ಹಾಕಿ. ಗಣಿತಜ್ಞ ಆಯ್ಲರ್ 1760ರ ದಶಕದ ಆರಂಭದಲ್ಲಿ ಒಬ್ಬ ಜರ್ಮನ್ ರಾಜಕುಮಾರಿಗೆ ಪಾಠದ ರೂಪದಲ್ಲಿ ಬರೆದ ಪತ್ರಗಳಲ್ಲಿ ಇಂಥ ವೃತ್ತಗಳನ್ನೇ ಬಳಸಿದ. ಒಂದು ಎಚ್ಚರಿಕೆ ಬೇಕು. ಚಿಕ್ಕ ವೃತ್ತಗಳನ್ನು ಎಲ್ಲಿ ಬರೆದರೂ ಚಿತ್ರ ಏನನ್ನೋ ಹೇಳಿಬಿಡುತ್ತದೆ. ದೂರ ಬರೆದರೆ ಸಂಬಂಧವಿಲ್ಲ ಎನ್ನುತ್ತದೆ, ಒಂದರೊಳಗೊಂದು ಬರೆದರೆ ತೀರ್ಮಾನ ಸಾಬೀತಾದಂತೆ ಕಾಣುತ್ತದೆ. ಹಾಗಾಗಿ ಒಂದೇ ಚಿತ್ರ ಬರೆದು ನಿಲ್ಲಬಾರದು. ಆಧಾರಗಳನ್ನು ಮುರಿಯದೆ, ತೀರ್ಮಾನವನ್ನು ಸುಳ್ಳು ಮಾಡುವ ಚಿತ್ರ ಬರೆಯಲು ಆಗುತ್ತದಾ ಎಂದು ಪ್ರಯತ್ನಿಸಬೇಕು. ಹಾಗೆ ಬರೆಯಲು ಸಾಧ್ಯವಾದರೆ ವಾದ ಬಿತ್ತು.

ಈಗ ಅದೇ ಕೋಣೆಯಲ್ಲಿ ಈಜುಗಾರರ ಸಂಖ್ಯೆ ಕಡಿಮೆ ಮಾಡೋಣ. 20 ಅಲ್ಲ, 9 ಮಾತ್ರ. ಹಾಡುಗಾರರು 6, ಚಿತ್ರಕಾರರು 5, ಒಟ್ಟು 11. ಇವರೆಲ್ಲ 9 ಜನರ ಗುಂಪಿನೊಳಗೇ ಇರಬೇಕು. ಇಬ್ಬರಾದರೂ ಎರಡೂ ಕಡೆ ಸೇರಲೇಬೇಕು. ಈಜುಗಾರರನ್ನು ಇನ್ನೂ ಇಳಿಸಿ 6ಕ್ಕೆ ತನ್ನಿ. ಈಗ ಇರುವ ಈಜುಗಾರರೆಲ್ಲ ಹಾಡುಗಾರರೇ. ಹಾಗಾಗಿ ಐವರು ಚಿತ್ರಕಾರರೂ ಹಾಡುಗಾರರಾಗಲೇಬೇಕು. ತೀರ್ಮಾನ ಗಟ್ಟಿಯಾಯಿತು!

ಏನಾಯಿತು ಗಮನಿಸಿ. 'ಎಲ್ಲ ಹಾಡುಗಾರರೂ ಈಜುಗಾರರು' ಎಂಬುದರ ಜೊತೆಗೆ 'ಎಲ್ಲ ಈಜುಗಾರರೂ ಹಾಡುಗಾರರು' ಎಂಬುದೂ ನಿಜವಾಯಿತು. ಈ ಹೊಸ ವಾಕ್ಯದಲ್ಲಿ 'ಈಜುಗಾರರು' ಮೊದಲ ತುದಿಯಲ್ಲಿದೆ, ಅಂದರೆ ವ್ಯಾಪ್ತ. ಇಡೀ ಮಧ್ಯದ ಗುಂಪಿನ ಬಗ್ಗೆ ಯಾರೋ ಕೊನೆಗೂ ಮಾತಾಡಿದರು. ಮಧ್ಯಪದ ವ್ಯಾಪ್ತವಾಗಿರಬೇಕು ಎಂಬ ನಿಯಮದ ಒಳಗುಟ್ಟು ಇದೇ. ಮಧ್ಯದ ಗುಂಪಿನಲ್ಲಿ ತಪ್ಪಿಸಿಕೊಳ್ಳಲು ಜಾಗ ಉಳಿಯಬಾರದು.

ಬ್ರಿಟಿಷ್ ಗಣಿತಜ್ಞ ಡಿ ಮಾರ್ಗನ್ 1847ರಲ್ಲಿ ಹೀಗೆ ಸಂಖ್ಯೆಗಳಿರುವ ಸಿಲಾಜಿಸಂಗಳನ್ನು ಬಿಡಿಸಿ ತೋರಿಸಿದ. ಹಳೆಯ ನಿಯಮದ ಮಿತಿಯೂ ಅಲ್ಲಿಯೇ ಕಾಣುತ್ತದೆ. 20 ಈಜುಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಅಂದರೆ ಕನಿಷ್ಠ 11 ಜನ, ಹಾಡುಗಾರರು ಎನ್ನಿ. ಹಾಗೇ ಕನಿಷ್ಠ 11 ಜನ ಚಿತ್ರಕಾರರು ಎನ್ನಿ. ಇಬ್ಬರಾದರೂ ಎರಡೂ ಆಗಿರಲೇಬೇಕು. ಎರಡೂ ವಾಕ್ಯ ಪೂರ್ತಿ ಗುಂಪಿನ ಬಗ್ಗೆ ಮಾತಾಡಿಲ್ಲ, ಆದರೂ ತೀರ್ಮಾನ ಸರಿ. 'ಎಲ್ಲ', 'ಕೆಲವು' ಎಂಬ ಪದಗಳಿಗೆ ಮಾತ್ರ ಆ ಹಳೆಯ ನಿಯಮ. 'ಹೆಚ್ಚಿನವರು' ಎಂದು ಬಂದರೆ ಎಣಿಸಬೇಕು.

ಇನ್ನೂ ಚೆನ್ನಾಗಿ ಅಡಗಿಕೊಳ್ಳುವ ರೂಪ

'ಎಲ್ಲ' ಎಂಬುದು ಎರಡು ಸಲ ಬಂದಾಗ ತಪ್ಪನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. 'ಕೆಲವು' ಸೇರಿದಾಗ ನೋಡಿ. ಕೆಲವು ಓದುಗರು ಕವಿಗಳು. ಎಲ್ಲ ಶಿಕ್ಷಕರೂ ಓದುಗರು. ಆದ್ದರಿಂದ ಕೆಲವು ಶಿಕ್ಷಕರು ಕವಿಗಳು. ತೀರ್ಮಾನ ವಿನಯದಿಂದ 'ಕೆಲವು' ಎಂದಷ್ಟೇ ಹೇಳುತ್ತಿದೆ, ಹಾಗಾಗಿ ಒಪ್ಪಿಬಿಡೋಣ ಅನ್ನಿಸುತ್ತದೆ. ಆದರೆ 'ಓದುಗರು' ಮೊದಲ ವಾಕ್ಯದಲ್ಲಿ 'ಕೆಲವು' ಜೊತೆ ಬಂದಿದೆ, ಎರಡನೆಯದರಲ್ಲಿ 'ಎಲ್ಲ' ವಾಕ್ಯದ ಕೊನೆಯಲ್ಲಿದೆ. ಎರಡೂ ಕಡೆ ಅವ್ಯಾಪ್ತ. 'ಶಿಕ್ಷಕರು' ಬದಲು 'ಪದ್ಯ ಬರೆಯದ ಓದುಗರು' ಎಂದು ಹಾಕಿದರೆ ಗುಟ್ಟು ಬಯಲಾಗುತ್ತದೆ. ಕೆಲವು ಓದುಗರು ಕವಿಗಳು, ಪದ್ಯ ಬರೆಯದ ಓದುಗರೆಲ್ಲ ಓದುಗರು, ಆದ್ದರಿಂದ ಪದ್ಯ ಬರೆಯದವರಲ್ಲಿ ಕೆಲವರು ಕವಿಗಳು! ಮೊದಲ ವಾಕ್ಯ 'ಎಲ್ಲ ಓದುಗರೂ ಕವಿಗಳು' ಎಂದಿದ್ದರೆ ವಾದ ನಿಲ್ಲುತ್ತಿತ್ತು. ಆದರೆ ಆ ವಾಕ್ಯವೇ ನಿಜವಲ್ಲ.

ಮಧ್ಯಪದ ಪರೀಕ್ಷೆ ಪಾಸಾದ ಮಾತ್ರಕ್ಕೆ ವಾದ ಸರಿ ಎಂದೂ ಅಲ್ಲ. ಎಲ್ಲ ಡಾಕ್ಟರುಗಳೂ ಅಂಗರಚನೆ ಓದಿದವರು, ಯಾವ ನರ್ಸ್‌ಗಳೂ ಡಾಕ್ಟರುಗಳಲ್ಲ, ಆದ್ದರಿಂದ ಯಾವ ನರ್ಸ್‌ಗಳೂ ಅಂಗರಚನೆ ಓದಿದವರಲ್ಲ. ಇಲ್ಲಿ ಮಧ್ಯಪದ 'ಡಾಕ್ಟರುಗಳು', ಎರಡೂ ಕಡೆ ವ್ಯಾಪ್ತ. ಆದರೂ ತೀರ್ಮಾನ ಸುಳ್ಳು. ಆಧಾರವಾಕ್ಯ 'ಅಂಗರಚನೆ ಓದಿದವರು' ಎಂಬ ಗುಂಪಿನ ಬಗ್ಗೆ ಪೂರ್ತಿ ಹೇಳಿರಲಿಲ್ಲ, ತೀರ್ಮಾನ ಪೂರ್ತಿ ಹೇಳಿಬಿಟ್ಟಿತು. ಕೊಟ್ಟದ್ದಕ್ಕಿಂತ ಜಾಸ್ತಿ ತೆಗೆದುಕೊಂಡ ಹಾಗಾಯಿತು. ಇದಕ್ಕೆ ಬೇರೆಯೇ ಹೆಸರಿದೆ, ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ಮತ್ತೆ ಆ ಕಳ್ಳನ ಹತ್ತಿರ

ಕುಂಬಳಕಾಯಿ ಕದ್ದವನನ್ನು ಹುಡುಕುತ್ತಿದ್ದೇವೆ. 100 ಜನ ಸೇರಿದ್ದಾರೆ, ಅವರಲ್ಲಿ ಒಬ್ಬ ಕಳ್ಳ. 'ಕಳ್ಳ' ಎಂದು ಕೂಗಿದಾಗ ಅವನು ಹೆಗಲು ಮುಟ್ಟಿಕೊಂಡ. ಉಳಿದ 99 ಜನರಲ್ಲಿ 20 ಜನರೂ ಮುಟ್ಟಿಕೊಂಡರು ಎನ್ನೋಣ. ಒಬ್ಬರಿಗೆ ನೋವು, ಒಬ್ಬರಿಗೆ ತುರಿಕೆ, ಇನ್ನೊಬ್ಬರು ಪಕ್ಕದವರನ್ನು ನೋಡಿ ಗಾಬರಿಯಾದರು. ಈಗ ಹೆಗಲ ಮೇಲೆ ಕೈ ಇರುವವರು 21 ಜನ. ಅವರಲ್ಲಿ ಯಾರನ್ನೋ ಒಬ್ಬರನ್ನು ಹಿಡಿದು 'ಇವನೇ' ಎಂದರೆ 21ರಲ್ಲಿ 20 ಸಲ ತಪ್ಪು ಮನುಷ್ಯನನ್ನು ಹಿಡಿದಿರುತ್ತೇವೆ.

ಹಾಗೆಂದು ಹೆಗಲು ಮುಟ್ಟಿಕೊಂಡದ್ದಕ್ಕೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಮೊದಲು 100ರಲ್ಲಿ ಒಬ್ಬ ಎನ್ನುವ ಅನುಮಾನ ಇತ್ತು, ಈಗ 21ರಲ್ಲಿ ಒಬ್ಬ ಎನ್ನುವವರೆಗೆ ಬಂತು. ಕದಿಯದವರಲ್ಲಿ ಒಬ್ಬನೇ ಮುಟ್ಟಿಕೊಂಡಿದ್ದರೆ ಇಬ್ಬರಲ್ಲಿ ಒಬ್ಬ ಎಂದಾಗುತ್ತಿತ್ತು. ಕದಿಯದವರು ಯಾರೂ ಮುಟ್ಟಿಕೊಳ್ಳದಿದ್ದರೆ ಮಾತ್ರ ಖಚಿತ. ಅಂದರೆ 'ಹೆಗಲು ಮುಟ್ಟಿಕೊಳ್ಳುವವರೆಲ್ಲರೂ ಕಳ್ಳರು' ಎಂಬ ವಾಕ್ಯ ನಿಜವಾದಾಗ ಮಾತ್ರ. ಗಾದೆಯಲ್ಲಿ ಆ ವಾಕ್ಯ ಇಲ್ಲ. ಅದನ್ನು ಸೇರಿಸಿದ್ದು ನಾವು.

ಗಾದೆಯಿಂದ ಖಚಿತವಾಗಿ ಹೊರಡುವ ಸಿಲಾಜಿಸಂ ಬೇರೆ ಇದೆ. ಎಲ್ಲ ಕಳ್ಳರೂ ಹೆಗಲು ಮುಟ್ಟಿಕೊಳ್ಳುವವರು. ಈ ಮನುಷ್ಯ ಹೆಗಲು ಮುಟ್ಟಿಕೊಳ್ಳುವವನಲ್ಲ. ಆದ್ದರಿಂದ ಈ ಮನುಷ್ಯ ಕಳ್ಳನಲ್ಲ. ಎರಡನೆಯ ವಾಕ್ಯದಲ್ಲಿ 'ಅಲ್ಲ' ಬಂದ ಕೂಡಲೇ ಮಧ್ಯಪದ ವ್ಯಾಪ್ತವಾಯಿತು. ಅವನು ಆ ಇಡೀ ಗುಂಪಿನ ಹೊರಗಿದ್ದಾನೆ, ಕಳ್ಳರೆಲ್ಲ ಅದರ ಒಳಗಿದ್ದಾರೆ. ಗಾದೆಯ ಮಾತು ನಿಜವೇ ಆದರೆ, ಅದರ ಬಲದಿಂದ ಕೈ ಎತ್ತದೆ ನಿಂತಿದ್ದ 79 ಜನರನ್ನು ಮನೆಗೆ ಕಳಿಸಬಹುದು. ಉಳಿದ 21 ಜನರ ಹತ್ತಿರ ಹೋಗಿ, ಯಾರ ಹೆಗಲ ಮೇಲೆ ಬೂದಿ ಇದೆ ಎಂದು ನೋಡಬೇಕು.